ಮೂಗಿನ ಮಾತ್ರೆ, ನಿಂತ ಮೂತ್ರ

ರಾತ್ರಿ ಕ್ಲೋರ್‌ಫೆನಿರಮೈನ್ ಎಂಬ ಹಳೆಯ ಅಲರ್ಜಿ ಮಾತ್ರೆ ಒಂದನ್ನು ನುಂಗಿದರೆ ಸೀನೂ ನಿಲ್ಲುತ್ತದೆ, ನಿದ್ದೆಯೂ ಬರುತ್ತದೆ ಎಂದು ಅದನ್ನು ಬಿಡದವರಿದ್ದಾರೆ. ಮೂಗಿನಲ್ಲಿ ಸೀನು, ಚರ್ಮದಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕವೇ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಇಂಥ ಹಳೆಯ ಮಾತ್ರೆಗಳು ಮಿದುಳಿಗೂ ನುಗ್ಗಿ ಅದನ್ನು ತಡೆಯುತ್ತವೆ, ಅದಕ್ಕೇ ತೂಕಡಿಕೆ. ಇದರ ಪ್ರಭಾವ ಬೆಳಗಾದರೂ ಪೂರ್ತಿ ಇಳಿದಿರುವುದಿಲ್ಲ. ಲೊರಾಟಡೀನ್, ಫೆಕ್ಸೊಫೆನಡೀನ್‌ನಂಥ ಹೊಸ ಮಾತ್ರೆಗಳು ಮಿದುಳಿಗೆ ಹೋಗುವುದು ತೀರಾ ಕಡಿಮೆ. ಸೆಟಿರಿಜಿನ್ ಈ ಹಳೆಯ, ಹೊಸ ಬಗೆಗಳ ಮಧ್ಯದ್ದು: ಹೊಸದೇ ಆದರೂ ಕೆಲವರಿಗೆ ಮಂಪರು ತರುತ್ತದೆ.

ವಯಸ್ಸಾದವರಲ್ಲಿ ತೂಕಡಿಕೆಗಿಂತ ದೊಡ್ಡ ತೊಂದರೆ ಬೇರೆ ಇದೆ. ಹಳೆಯ ಮಾತ್ರೆಗಳು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮಂಜು ನೋಟ, ಮರೆವು, ಗೊಂದಲ ಎಲ್ಲ ಅದರಿಂದಲೇ.

ಒಂದು ಉದಾಹರಣೆ ನೋಡಿ. 72 ವರ್ಷದವರು, ಪ್ರಾಸ್ಟೇಟ್ ದೊಡ್ಡದಾಗಿದೆ. ಮೂಗು ಸೋರುತ್ತದೆಂದು ಎರಡು ದಿನ ನೆಗಡಿ ಮಾತ್ರೆ ತಿಂದರು. ಮೂರನೇ ದಿನ ಮೂತ್ರ ಹನಿಹನಿಯಾಗಿ ಬಂದು ಪೂರ್ತಿ ನಿಂತಿತು, ಕಿಬ್ಬೊಟ್ಟೆ ಬಿಗಿಯಿತು, ಮಾತು ಅಡ್ಡಾದಿಡ್ಡಿಯಾಯಿತು. ಮನೆಯವರು ವಯಸ್ಸಿನ ಮೇಲೆ ಹಾಕಿದರು. ಮಾತ್ರೆಯ ಪಟ್ಟಿಯ ಹಿಂಬದಿ ತಿರುಗಿಸಿದರೆ ಕ್ಲೋರ್‌ಫೆನಿರಮೈನ್ ಜತೆ ಫೀನೈಲೆಫ್ರಿನ್ ಇದೆ. ಮೊದಲನೆಯದು ಮೂತ್ರಕೋಶದ ಸ್ನಾಯುವನ್ನು ಸಡಿಲ ಮಾಡುತ್ತದೆ, ಎರಡನೆಯದು ಅದರ ಕೊರಳನ್ನು ಬಿಗಿ ಮಾಡುತ್ತದೆ. ಹೀಗೆ ಮೂತ್ರ ನಿಂತರೆ ಕಾಯಬಾರದು, ಅಂದೇ ನಳಿಕೆ ಹಾಕಿ ಹೊರಗೆ ತೆಗೆಯಬೇಕು.

ನೆಗಡಿ, ಕೆಮ್ಮು, ನಿದ್ದೆಗೆಂದು ಕೊಳ್ಳುವ ಮಿಶ್ರ ಔಷಧಿಗಳಲ್ಲಿ ಇವು ಅಡಗಿರುತ್ತವೆ. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಜಿನ್, ಪ್ರೊಮೆಥಜಿನ್ ಎಂಬ ಹೆಸರು ಕಂಡರೆ, ಹಿರಿಯರಿಗೆ ಬೇಡ ಎನ್ನುವುದೇ ನನ್ನ ನಿಲುವು. ಒಂದು ಬಗೆಯ ಗ್ಲಾಕೋಮಾ ಇದ್ದವರಲ್ಲಿ ಇವು ಕಣ್ಣಿನ ಒತ್ತಡವನ್ನು ದಿಢೀರನೆ ಏರಿಸಬಲ್ಲವು. ರಾತ್ರಿ ಶೌಚಕ್ಕೆ ಎದ್ದಾಗ ಬೀಳುವ ಭಯವೂ ಇದೆ.

ಇಂಥವರ ಸೀನು, ತುರಿಕೆಗೆ ಲೊರಾಟಡೀನ್ 10 ಮಿಲಿಗ್ರಾಂ ದಿನಕ್ಕೊಂದು ಸಾಕಾಗುತ್ತದೆ, ಯಕೃತ್ತಿನ ಕಾಯಿಲೆ ಗಂಭೀರವಾಗಿದ್ದರೆ ವೈದ್ಯರನ್ನು ಕೇಳಿಕೊಳ್ಳಬೇಕು. ಫೆಕ್ಸೊಫೆನಡೀನ್ ಆರಿಸಿದರೆ ನೀರಿನಲ್ಲೇ ನುಂಗಿ. ಸೇಬು, ಕಿತ್ತಳೆ ರಸ ಈ ಮಾತ್ರೆ ರಕ್ತ ಸೇರುವುದನ್ನು ತಗ್ಗಿಸುತ್ತದೆ, ಆಮೇಲೆ ‘ಮಾತ್ರೆ ಕೆಲಸವೇ ಮಾಡಲಿಲ್ಲ’ ಎಂಬ ದೂರು! ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಮ್ಲಶಾಮಕಕ್ಕೂ ಇದೇ ಮಾತು, ನಡುವೆ ಎರಡು ಗಂಟೆ ಅಂತರವಿರಲಿ. ಸೆಟಿರಿಜಿನ್ ಹೆಚ್ಚಾಗಿ ಮೂತ್ರದಲ್ಲಿ ಹೊರಹೋಗುವುದರಿಂದ, ಮೂತ್ರಪಿಂಡ ಸೋತವರಿಗೆ ಸಾಮಾನ್ಯ 10 ಮಿಲಿಗ್ರಾಂ ಬದಲು 5 ಕೊಡುವುದು ರೂಢಿ. ಫೆಕ್ಸೊಫೆನಡೀನ್ ಪ್ರಮಾಣವನ್ನೂ ಅವರಿಗೆ ವೈದ್ಯರೇ ಹೇಳಬೇಕು.

ಮೂಗು ಸೋರುವುದಕ್ಕಿಂತ ಕಟ್ಟಿಕೊಳ್ಳುವುದೇ ಹೆಚ್ಚಾಗಿದ್ದರೆ ಈ ಯಾವ ಮಾತ್ರೆಯೂ ಅಷ್ಟಾಗಿ ಫಲ ಕೊಡದು. ಅಲ್ಲಿ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ವಾಸಿ, ಅದೂ ದಿನಾ ತಪ್ಪದೆ, ಪೂರ್ತಿ ಗುಣ ಕಾಣಲು ವಾರ-ಎರಡು ವಾರ ಬೇಕು.