ಇಂಜೆಕ್ಷನ್ ಕೇಳುವ ಮೊದಲು ಗೊರಕೆಯ ವಿಷಯ ಹೇಳಿ

ಮಧ್ಯಾಹ್ನ ಊಟ ಮುಗಿಸಿ, ನಾಲ್ಕು ಗಂಟೆಗೆ ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ನನ್ನ ಮುಂದೆ ಬಂದು ಕೂರುವವರು ತುಂಬಾ ಜನ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್‌ನ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿಕೊಂಡೇ ಬಂದಿರುತ್ತಾರೆ. ಮಂಡ್ಯದಿಂದ ಬಂದ ಒಬ್ಬರು ಕೂರುವ ಮೊದಲೇ ಹೇಳಿದರು: "ಸಾರ್, ಕಮ್ಮಿ ಆಗ್ಬುಟ್ಟದೆ. ಒಂದು ಸೂಜಿ ಹಾಕ್ಬುಡಿ, ಸರಿಹೋಯ್ತದೆ."

ಮೈಸೂರಿನಲ್ಲಿ ಯೂರಾಲಜಿಸ್ಟ್ ಆಗಿ ಇಷ್ಟು ವರ್ಷ ಕೆಲಸ ಮಾಡಿದರೂ ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ. ಇಂಥವರಲ್ಲಿ ಎಷ್ಟೋ ಜನರಿಗೆ ತೊಂದರೆ ಇರುವುದು ಗಂಟಲಲ್ಲಿ ಮತ್ತು ಸೊಂಟದ ಸುತ್ತ. ಅದನ್ನು ಯಾರೂ ಕೇಳಿರುವುದಿಲ್ಲ, ಇವರೂ ಹೇಳಿರುವುದಿಲ್ಲ.

ಮಂಡ್ಯದ ಅವರದೇ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 43. ಸ್ವಂತ ಆಲೆಮನೆ ಇದೆ. ಒಂದು ವರ್ಷದಿಂದ ಶಿಶ್ನ ಸರಿಯಾಗಿ ಗಟ್ಟಿಯಾಗುತ್ತಿಲ್ಲ, ಗಟ್ಟಿಯಾದರೂ ಬೇಗ ಇಳಿದುಹೋಗುತ್ತದೆ. ಬೆಳಗ್ಗೆ ಏಳುವಾಗಿನ ನಿಮಿರುವಿಕೆ ಪೂರ್ತಿ ನಿಂತಿದೆ. ಸಂಜೆಯ ರಿಪೋರ್ಟ್‌ನಲ್ಲಿ ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 218 ನ್ಯಾನೋಗ್ರಾಂ. ಸೊಂಟದ ಸುತ್ತಳತೆ 108 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಿದರೇ ಜಾಸ್ತಿ. ಕುತ್ತಿಗೆ 43 ಸೆಂಟಿಮೀಟರ್. ಹೊಟ್ಟೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಕುತ್ತಿಗೆ.

"ಗೊರಕೆ ಇದೆಯಾ?" ಎಂದು ಕೇಳಿದೆ. "ಇಲ್ಲ ಸಾರ್, ಒಳ್ಳೆ ನಿದ್ದೆ, ಬಿದ್ದ ತಕ್ಷಣ ಬತ್ತದೆ" ಎಂದರು. ಹೊರಗೆ ಕೂತಿದ್ದ ಅವರ ಹೆಂಡತಿಯನ್ನು ಒಳಗೆ ಕರೆಯಲು ಒಪ್ಪಿಸಿದೆ. ಆಕೆ ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಗೊರಕೆ ಹಂಗಿರ್ಲಿ ಸಾರ್, ಮಧ್ಯದಲ್ಲಿ ಉಸುರೇ ನಿಂತೋಯ್ತದೆ. ನಂಗೆ ಭಯ ಆಗಿ ಅಲ್ಲಾಡಿಸ್ತೀನಿ. ಈಗ ಮಗು ಜೊತೆ ಬೇರೆ ರೂಮ್‌ನಲ್ಲಿ ಮಲಗ್ತೀನಿ." ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಪಕ್ಕದಲ್ಲಿ ಮಲಗುವವರ ಮಾತು ನನಗೆ ಅಷ್ಟು ಮುಖ್ಯ.

ಮೊದಲು ರಕ್ತದ ಲೆಕ್ಕ ಸರಿಮಾಡಿಕೊಂಡೆವು. ಟೆಸ್ಟೋಸ್ಟಿರಾನ್ ನಿದ್ದೆಯಲ್ಲಿ ಏರುತ್ತದೆ, ಬೆಳಗ್ಗೆ ಹೆಚ್ಚಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಊಟವಾದ ಮೇಲೂ ಇಳಿಯುತ್ತದೆ. ಆದ್ದರಿಂದ ಬೆಳಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕು. ಜ್ವರ ಬಂದ ವಾರದಲ್ಲಿ ಬೇಡ. ರಾತ್ರಿಯಿಡೀ ಆಲೆಮನೆಯಲ್ಲಿ ಇದ್ದು ಬಂದ ಬೆಳಗ್ಗೆಯೂ ಬೇಡ. ಇವರಿಗೆ ಆ ಎರಡು ದಿನ 288 ಮತ್ತು 301 ಬಂತು. ಸಾಮಾನ್ಯವಾಗಿ 300ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತೇವೆ, ಅಂದರೆ ಇವರು ಗಡಿಯಲ್ಲಿದ್ದರು. ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸರಿಯಿತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು.

ಆಮೇಲೆ ಮನೆಯಲ್ಲೇ ಮಾಡುವ ನಿದ್ದೆಯ ಪರೀಕ್ಷೆ. ಬೆರಳಿಗೆ ಒಂದು, ಮೂಗಿನ ಹತ್ತಿರ ಒಂದು, ಎದೆಗೆ ಒಂದು ಪಟ್ಟಿ ಕಟ್ಟಿಕೊಂಡು ಒಂದು ರಾತ್ರಿ ಮಲಗುವುದು. ಗಂಟೆಗೆ 38 ಸಲ ಉಸಿರು ನಿಂತಿತ್ತು ಅಥವಾ ತೀರಾ ಕಡಿಮೆಯಾಗಿತ್ತು. 30 ದಾಟಿದರೆ ತೀವ್ರ ಎನ್ನುತ್ತೇವೆ. ರಕ್ತದ ಆಮ್ಲಜನಕ ಒಂದು ಹಂತದಲ್ಲಿ ಶೇಕಡಾ 74ಕ್ಕೆ ಇಳಿದಿತ್ತು. ಇದೇ ಸ್ಲೀಪ್ ಆಪ್ನಿಯಾ. ಮಲಗಿದಾಗ ಗಂಟಲು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಮೆದುಳು ಗಾಬರಿಯಿಂದ ಅರೆ ಎಚ್ಚರ ಮಾಡಿಸಿ ಉಸಿರು ಎಳೆಸುತ್ತದೆ. ಬೆಳಗ್ಗೆ ಇದಾವುದೂ ನೆನಪಿರುವುದಿಲ್ಲ.

ಈಗ ಜನ ಪದೇಪದೇ ತಪ್ಪು ತಿಳಿಯುವ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಓದಿ. ಟೆಸ್ಟೋಸ್ಟಿರಾನ್ ಮುಖ್ಯವಾಗಿ ಆಸೆಯನ್ನು ನಡೆಸುತ್ತದೆ. ನಿಮಿರುವಿಕೆ ಮುಖ್ಯವಾಗಿ ರಕ್ತನಾಳದ ಕೆಲಸ. ಎರಡಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಆ ಅಂಗಕ್ಕೆ ಹೋಗುವ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ. ಅದರ ಒಳಪದರ ನೈಟ್ರಿಕ್ ಆಕ್ಸೈಡ್ ತಯಾರಿಸಿದರೆ ನಾಳ ಹಿಗ್ಗಿ ರಕ್ತ ತುಂಬುತ್ತದೆ. ರಾತ್ರಿಯಿಡೀ ಆಮ್ಲಜನಕ ಬೀಳುತ್ತಾ ಏಳುತ್ತಾ ಇದ್ದರೆ ಈ ಒಳಪದರವೇ ಕೆಡುತ್ತದೆ. ಜೊತೆಗೆ ದೇಹ ಹೆದರಿದ ಸ್ಥಿತಿಯಲ್ಲೇ ಇರುವುದರಿಂದ ನಾಳಗಳು ಬಿಗಿದುಕೊಳ್ಳುತ್ತವೆ. ಆರೋಗ್ಯವಂತನಿಗೆ ಕನಸಿನ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿಯೇ ನಿಮಿರುತ್ತದೆ. ಆಪ್ನಿಯಾ ಮುರಿಯುವುದು ಅದೇ ನಿದ್ದೆಯನ್ನು. ಬೆಳಗಿನ ನಿಮಿರುವಿಕೆ ನಿಂತದ್ದು ಅದಕ್ಕೇ.

ಹೊಟ್ಟೆಯ ಕೆಲಸ ಬೇರೆ. ಬೊಜ್ಜಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಆಗ ಮೆದುಳು ವೃಷಣಕ್ಕೆ ಕಳಿಸುವ ಆದೇಶ ಕುಗ್ಗುತ್ತದೆ. ಇನ್ನೊಂದು ಮಾತು: ಬೊಜ್ಜಿದ್ದವರಲ್ಲಿ ಟೆಸ್ಟೋಸ್ಟಿರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನು ಕಡಿಮೆಯಾಗುತ್ತದೆ. ಹಾಗಾಗಿ ರಿಪೋರ್ಟಿನ ಒಟ್ಟು ಅಂಕಿ ಇಳಿದು ಕಂಡರೂ ದೇಹಕ್ಕೆ ಸಿಗುವ ಪಾಲು ಅಷ್ಟು ಇಳಿದಿರದೇ ಇರಬಹುದು.

ಇಂಜೆಕ್ಷನ್ ಕೊಟ್ಟರೆ ಏನಾಗುತ್ತಿತ್ತು? ಹೊರಗಿಂದ ಬಂತು ಎಂದು ಮೆದುಳು ಆದೇಶವನ್ನೇ ನಿಲ್ಲಿಸುತ್ತದೆ. ವೀರ್ಯಾಣು ಸೊನ್ನೆಗೆ ಇಳಿಯಬಹುದು. ಇವರಿಗೆ ಎರಡನೇ ಮಗು ಬೇಕಿತ್ತು. ರಕ್ತ ಮಂದವಾಗುತ್ತದೆ, ಆಪ್ನಿಯಾ ಹೆಚ್ಚಬಹುದು. ಚಿಕಿತ್ಸೆ ಪಡೆಯದ ತೀವ್ರ ಆಪ್ನಿಯಾ ಇದ್ದವರಿಗೆ ಇದನ್ನು ಶುರುಮಾಡಬಾರದು ಎಂದೇ ನಮ್ಮ ಮಾರ್ಗಸೂಚಿಗಳಿವೆ. ಬೇರೆಲ್ಲೋ ಆರು ತಿಂಗಳು ಸೂಜಿ ಹಾಕಿಸಿಕೊಂಡು, ಮಕ್ಕಳಾಗಲಿಲ್ಲವೆಂದು ನನ್ನ ಬಳಿ ಬಂದ ಒಬ್ಬ ಹುಡುಗನ ಮುಖ ಇನ್ನೂ ಮರೆತಿಲ್ಲ.

ನಿಜವಾಗಿ ಹಾರ್ಮೋನ್ ಬೇಕಾದವರೂ ಇದ್ದಾರೆ. ಅಂಕಿ ತೀರಾ ಕಡಿಮೆ, ವೃಷಣ ಸಣ್ಣದು, ಪಿಟ್ಯುಟರಿ ಗ್ರಂಥಿಯ ತೊಂದರೆ, ಇಂಥವರ ದಾರಿ ಬೇರೆ. ಸುಮ್ನೆ ಎಲ್ಲವನ್ನೂ ಗೊರಕೆಗೆ ಕಟ್ಟುವಂತಿಲ್ಲ.

ಇವರಿಗೆ ಸಿಪ್ಯಾಪ್ ಮೆಷಿನ್ ಕೊಡಿಸಿದೆವು. ಮಾಸ್ಕ್ ಮೂಲಕ ಗಾಳಿಯ ಒತ್ತಡ ಬಂದು ಗಂಟಲು ಮುಚ್ಚದಂತೆ ತಡೆಯುತ್ತದೆ. ಮೊದಲ ಎರಡು ವಾರ ರಾತ್ರಿ ಎರಡು ಗಂಟೆಗೆ ಕಿತ್ತೆಸೆಯುತ್ತಿದ್ದರು. ಮಾಸ್ಕ್ ಅಳತೆ ಬದಲಿಸಿದ ಮೇಲೆ ಒಗ್ಗಿತು. ಮಲಗುವ ಮುಂಚಿನ ಪೆಗ್ ಬಿಡಿಸಿದೆ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ನಿಮಿರುವಿಕೆಗೆ ಸಿಲ್ಡೆನಾಫಿಲ್ ಮಾತ್ರೆ ಕೊಟ್ಟೆ, ಹೃದಯ ನೋಡಿಸಿದ ಮೇಲೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ರಕ್ತದೊತ್ತಡ ಕುಸಿಯುತ್ತದೆ.

ಮೂರು ತಿಂಗಳಿಗೆ ಬೆಳಗಿನ ನಿಮಿರುವಿಕೆ ಮರಳಿತ್ತು. ಮಾತ್ರೆ ಮೊದಲಿಗಿಂತ ಚೆನ್ನಾಗಿ ಹಿಡಿಯುತ್ತಿತ್ತು. ಟೆಸ್ಟೋಸ್ಟಿರಾನ್ ಎಷ್ಟಿತ್ತು ಗೊತ್ತಾ? 309. ಹೆಚ್ಚುಕಡಿಮೆ ಅಲ್ಲೇ. ಅವರಿಗೆ ನಿರಾಸೆಯಾಯಿತು. ನನಗೆ ಆಶ್ಚರ್ಯವಾಗಲಿಲ್ಲ. ಮೆಷಿನ್ ಉಸಿರನ್ನೂ ರಕ್ತನಾಳವನ್ನೂ ಸುಧಾರಿಸುತ್ತದೆ. ಟೆಸ್ಟೋಸ್ಟಿರಾನ್ ಅಂಕಿಯನ್ನು ಸಾಮಾನ್ಯವಾಗಿ ಅದು ಏರಿಸುವುದಿಲ್ಲ. ಅದನ್ನು ಏರಿಸುವುದು ತೂಕ ಇಳಿಸುವುದು. ಹಗಲು ತೂಕಡಿಕೆ ಹೋಗಿದ್ದರಿಂದ ಅವರಿಗೆ ನಡೆಯಲು ಶಕ್ತಿ ಬಂದಿತ್ತು. ರಾತ್ರಿ ಎರಡು ಮುದ್ದೆ ಒಂದಾಯಿತು, ಅನ್ನ ನಿಂತಿತು, ನಾಲೆ ಏರಿ ಮೇಲೆ ದಿನಾ ಮುಕ್ಕಾಲು ಗಂಟೆ ನಡಿಗೆ. ಹತ್ತನೇ ತಿಂಗಳಿಗೆ 11 ಕೆ.ಜಿ. ಇಳಿದಿತ್ತು, ಸೊಂಟ 97, ಬೆಳಗಿನ ಟೆಸ್ಟೋಸ್ಟಿರಾನ್ 398. ಎಲ್ಲರಿಗೂ ಇಷ್ಟೇ ಏರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ.

ಹೆಂಡತಿ ಮತ್ತೆ ಅದೇ ರೂಮಿನಲ್ಲಿ ಮಲಗುತ್ತಿದ್ದಾರೆ. ಹೋದ ತಿಂಗಳು ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದರು. "ಎರಡೇ ರಾತ್ರಿ ಸಾರ್, ಮೆಷಿನ್ ಬಿಟ್ಟೋಗ್ಲಾ?" ಎಂದು ಫೋನ್ ಮಾಡಿದರು. ಬಿಟ್ಟ ರಾತ್ರಿಯೇ ಗಂಟಲು ಮತ್ತೆ ಮುಚ್ಚಿಕೊಳ್ಳುತ್ತದೆ, ಮಂಚದ ಪಕ್ಕ ಪ್ಲಗ್ ಇರುವ ರೂಮ್ ಹಿಡಿಯಿರಿ ಎಂದೆ.