ಸೈಟ್ ವಿಸಿಟ್, ಬುಕಿಂಗ್ ಮತ್ತು ಸಣ್ಣ ಸಂಖ್ಯೆಗಳ ಲೆಕ್ಕ

ಹಾಸನದ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಮನೆಗಳನ್ನು ಕಟ್ಟಿ ಮಾರುವ ಬಿಲ್ಡರ್ ಒಬ್ಬರು ಮೂರು ತಿಂಗಳು ಫೇಸ್‌ಬುಕ್ ಫಾರ್ಮ್ ಮತ್ತು ಗೂಗಲ್ ಹುಡುಕಾಟದ ಜಾಹೀರಾತುಗಳಿಗೆ ಹಣ ಹಾಕಿದರು ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಕಲ್ಪಿಸಿಕೊಂಡಿದ್ದೇನೆ. ಫೇಸ್‌ಬುಕ್‌ಗೆ ₹60,000 ಖರ್ಚಾಗಿ 400 ಲೀಡ್ ಬಂದವು, ಅಂದರೆ ಅಷ್ಟು ಜನ ಆಸಕ್ತಿ ತೋರಿಸಿ ಫೋನ್ ನಂಬರ್ ಕೊಟ್ಟರು, ಅವರಲ್ಲಿ 24 ಜನ ಜಾಗ ನೋಡಲು ಬಂದರು, 2 ಮನೆ ಬುಕ್ ಆದವು. ಗೂಗಲ್‌ಗೆ ₹45,000 ಖರ್ಚಾಗಿ 60 ಲೀಡ್ ಬಂದವು, 15 ಜನ ಬಂದು ನೋಡಿದರು, 3 ಮನೆ ಬುಕ್ ಆದವು. ಯಾವುದು ಒಳ್ಳೆಯದು?

ಮಾರ್ಕೆಟಿಂಗ್ ಏಜೆನ್ಸಿಯವರು ಮೊದಲು ತೋರಿಸುವುದು ಒಂದು ಲೀಡ್‌ನ ಬೆಲೆಯನ್ನು. ಅದು ಫೇಸ್‌ಬುಕ್‌ನಲ್ಲಿ ₹150, ಗೂಗಲ್‌ನಲ್ಲಿ ₹750. ಈ ಐದು ಪಟ್ಟಿನ ಅಂತರಕ್ಕೆ ಕಾರಣ ಲೀಡ್ ಹುಟ್ಟುವ ರೀತಿಯಲ್ಲಿದೆ. ಫೇಸ್‌ಬುಕ್ ಫಾರ್ಮ್‌ನಲ್ಲಿ ಹೆಸರು, ಫೋನ್ ನಂಬರ್ ಪ್ರೊಫೈಲ್‌ನಿಂದ ತಾನಾಗಿಯೇ ತುಂಬಿಕೊಂಡಿರುತ್ತವೆ. ಊಟವಾದ ಮೇಲೆ ಮೊಬೈಲ್ ನೋಡುತ್ತಾ ಕೂತವರು ಒಂದೆರಡು ಸಲ ಒತ್ತಿದರೆ ಸಾಕು, ಲೀಡ್ ಆಗಿಬಿಡುತ್ತಾರೆ. ಮರುದಿನ ಟೆಲಿಕಾಲರ್ ಫೋನ್ ಮಾಡಿದಾಗ ‘ಯಾವ ಮನೆ?’ ಎಂದು ಕೇಳುವವರು ಇವರೇ. ಕಳುಹಿಸುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವ ಹಂತವನ್ನು ಫಾರ್ಮ್‌ಗೆ ಸೇರಿಸಬಹುದು. ಆಗ ಲೀಡ್ ಕಡಿಮೆಯಾಗಿ ಬೆಲೆ ಏರುತ್ತದೆ. ಗೂಗಲ್‌ನಲ್ಲಾದರೋ ಹಾಸನದಲ್ಲಿ ಮಾರಾಟಕ್ಕಿರುವ ಮನೆ ಯಾವುದೆಂದು ಆ ವ್ಯಕ್ತಿಯೇ ಟೈಪ್ ಮಾಡಿ ಹುಡುಕಿ ಬಂದಿರುತ್ತಾರೆ.

ಆದ್ದರಿಂದ ವಿಸಿಟ್ ಪ್ರಮಾಣ ಒಂದರಲ್ಲಿ ನೂರಕ್ಕೆ 6, ಇನ್ನೊಂದರಲ್ಲಿ ನೂರಕ್ಕೆ 25 ಆಗಿರುವುದು ಆಶ್ಚರ್ಯವಲ್ಲ. ಇದು ಬರಿಯ ಅದೃಷ್ಟದಾಟವೇ ಎಂದು ಪರೀಕ್ಷಿಸಿದರೂ ಅಂತರ ಉಳಿಯುತ್ತದೆ: ಸಂಖ್ಯಾಶಾಸ್ತ್ರದ ರೂಢಿಯ 95 ಪ್ರತಿಶತ ಮಿತಿಗಳನ್ನು ಹಾಕಿದರೆ ಫೇಸ್‌ಬುಕ್‌ನ ನಿಜವಾದ ಪ್ರಮಾಣ ಸುಮಾರು 4ರಿಂದ 9ರ ನಡುವೆ, ಗೂಗಲ್‌ನದು ಸುಮಾರು 16ರಿಂದ 37ರ ನಡುವೆ ಇರಬಹುದು, ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ಒಂದು ವಿಸಿಟ್‌ಗೆ ತಗುಲಿದ ಹಣವನ್ನು ನೋಡಿ. ಫೇಸ್‌ಬುಕ್‌ನಲ್ಲಿ ₹2,500, ಗೂಗಲ್‌ನಲ್ಲಿ ₹3,000. ಲೀಡ್ ಬೆಲೆಯ ಐದು ಪಟ್ಟಿನ ಅಂತರ ಇಲ್ಲಿ ಹೆಚ್ಚುಕಡಿಮೆ ಕರಗಿಹೋಗಿದೆ. 400 ಜನರಿಗೆ ಫೋನ್ ಮಾಡುವ ಟೆಲಿಕಾಲರ್‌ಗಳ ಸಂಬಳವನ್ನೂ ಸೇರಿಸಿದರೆ ಇಷ್ಟು ಅಂತರವೂ ಉಳಿಯಲಾರದು. ಈ ಸಂಬಳವನ್ನು ಜಾಹೀರಾತಿನ ಖರ್ಚಿಗೆ ಸೇರಿಸುವ ಬಿಲ್ಡರ್‌ಗಳು ವಿರಳ.

ಇನ್ನು ಬುಕಿಂಗ್. ಒಂದು ಬುಕಿಂಗ್‌ನ ಖರ್ಚು ಫೇಸ್‌ಬುಕ್‌ನಲ್ಲಿ ₹30,000, ಗೂಗಲ್‌ನಲ್ಲಿ ₹15,000. ಇದನ್ನು ಕಂಡೊಡನೆ ಫೇಸ್‌ಬುಕ್ ನಿಲ್ಲಿಸಿ ಹಣವನ್ನೆಲ್ಲ ಗೂಗಲ್‌ಗೆ ಹಾಕಬೇಕೆನಿಸುತ್ತದೆ. ಆದರೆ ಗೂಗಲ್‌ನ ಮೂವರಲ್ಲಿ ಒಬ್ಬರಿಗೆ ಬ್ಯಾಂಕ್ ಸಾಲ ಸಿಗದೆ ಹಿಂದೆ ಸರಿದರು, ಫೇಸ್‌ಬುಕ್‌ನಿಂದ ಬಂದಿದ್ದ ಇನ್ನೊಬ್ಬರು ಟೋಕನ್ ಅಡ್ವಾನ್ಸ್ ಕೊಟ್ಟರು ಎನ್ನಿ. ಈಗ ಖರ್ಚು ಫೇಸ್‌ಬುಕ್‌ನಲ್ಲಿ ₹20,000, ಗೂಗಲ್‌ನಲ್ಲಿ ₹22,500. ಇಬ್ಬರ ಮನಸ್ಸು ಬದಲಾದರೆ ತೀರ್ಮಾನವೇ ತಿರುಗಿಬೀಳುವ ಲೆಕ್ಕದ ಮೇಲೆ ಮುಂದಿನ ತ್ರೈಮಾಸಿಕದ ಹಣ ಹೂಡುವುದು ಜಾಣತನವಲ್ಲ. ಮೊದಲಿನ ಅಂಕಿಗಳಲ್ಲೇ ನೋಡಿದರೂ, ಜಾಗ ನೋಡಿದವರಲ್ಲಿ ಬುಕ್ ಮಾಡುವವರ ನಿಜವಾದ ಪ್ರಮಾಣ ಫೇಸ್‌ಬುಕ್‌ನಲ್ಲಿ ನೂರಕ್ಕೆ 1ರಿಂದ 27ರವರೆಗೆ, ಗೂಗಲ್‌ನಲ್ಲಿ 4ರಿಂದ 48ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಈ ಎರಡು ಮಿತಿಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ.

ಹಾಗಾದರೆ ಎಷ್ಟು ವಿಸಿಟ್ ಆಗಬೇಕು? ಜಾಗ ನೋಡಿದವರಲ್ಲಿ ಬುಕ್ ಮಾಡಿದವರು ಫೇಸ್‌ಬುಕ್‌ನಲ್ಲಿ 24ಕ್ಕೆ 2, ಗೂಗಲ್‌ನಲ್ಲಿ 15ಕ್ಕೆ 3, ಅಂದರೆ ನೂರಕ್ಕೆ ಸುಮಾರು 8 ಮತ್ತು 20. ಈ ಅಂತರ ನಿಜವಾಗಿದ್ದು, ಅದನ್ನು ಹತ್ತರಲ್ಲಿ ಎಂಟು ಬಾರಿಯಾದರೂ ಗುರುತಿಸಬೇಕೆಂದರೆ, ಒಂದೊಂದು ಮೂಲದಿಂದಲೂ ಸುಮಾರು 130 ವಿಸಿಟ್ ಬೇಕಾಗುತ್ತದೆ. ಮೂರು ತಿಂಗಳಿಗೆ 15 ಬರುವ ಗೂಗಲ್‌ಗೆ ಇದು ಎರಡು ವರ್ಷಕ್ಕೂ ಮೀರಿದ ಮಾತು. ಅಷ್ಟರಲ್ಲಿ ಮನೆಗಳೆಲ್ಲ ಮಾರಾಟವಾಗಿ ಬಿಲ್ಡರ್ ಬೇರೆ ಕಡೆ ಪಾಯ ತೋಡುತ್ತಿರುತ್ತಾರೆ.

ಬೆಂಗಳೂರಿನ ದೊಡ್ಡ ಕಂಪನಿಗಳ ರಿಪೋರ್ಟನ್ನೇ ನಮ್ಮ ಊರಿನಲ್ಲಿ ನಕಲು ಮಾಡುವುದರ ತೊಂದರೆ ಇಲ್ಲಿದೆ. ಬೇಕಾದ ಫಲ ಬುಕಿಂಗ್, ಆದರೆ ಅದು ಅಪರೂಪ ಮತ್ತು ತಡವಾಗಿ ಬರುತ್ತದೆ. ವಿಸಿಟ್ ಬೇಗ ಸಿಗುತ್ತದೆ, ಸಾಕಷ್ಟು ಸಿಗುತ್ತದೆ, ಆದರೆ ಅದು ಫಲವಲ್ಲ. ಎರಡರ ನಡುವಿನ ಒಂದು ಮೆಟ್ಟಿಲನ್ನು ಎಣಿಸುವುದೇ ಇದಕ್ಕೆ ದಾರಿ ಎಂದು ನನಗನ್ನಿಸುತ್ತದೆ, ಮತ್ತು ಆ ಮೆಟ್ಟಿಲು ಎರಡನೆಯ ವಿಸಿಟ್. ಮೊದಲ ಸಲ ಯಜಮಾನರು ಒಬ್ಬರೇ ಬೈಕಿನಲ್ಲಿ ಬಂದು ರಸ್ತೆಯ ಅಗಲ, ನೀರಿನ ವ್ಯವಸ್ಥೆ ನೋಡಿಹೋಗುತ್ತಾರೆ. ಮನಸ್ಸಿಗೆ ಬಂದರೆ ಹೆಂಡತಿ, ಅಪ್ಪ ಅಮ್ಮ, ಒಮ್ಮೊಮ್ಮೆ ವಾಸ್ತು ನೋಡುವವರನ್ನೂ ಕರೆದುಕೊಂಡು ಮತ್ತೆ ಬಂದು, ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ವಿಚಾರಿಸಿ, ಲೋನ್‌ಗಾಗಿ ದಾಖಲೆಗಳ ಜೆರಾಕ್ಸ್ ಕೇಳುತ್ತಾರೆ. ಹೀಗೆ ಮರಳಿ ಬಂದವರ ಸಂಖ್ಯೆ ಬುಕಿಂಗ್‌ಗಿಂತ ಹೆಚ್ಚಿರುವುದರಿಂದ ಲೆಕ್ಕ ಕೊಂಚ ಗಟ್ಟಿಯಾಗುತ್ತದೆ, ಮೊದಲ ವಿಸಿಟ್‌ಗಿಂತ ಇದು ಬುಕಿಂಗ್‌ಗೆ ಹತ್ತಿರವೂ ಹೌದು.

ಇಷ್ಟಾದರೂ ಕಾಲದ ತಪ್ಪೊಂದು ಎಲ್ಲವನ್ನೂ ಕೆಡಿಸಬಲ್ಲದು. ಆಷಾಢದಲ್ಲಿ ಮನೆ ನೋಡಿದವರು ‘ಶ್ರಾವಣ ಬರಲಿ’ ಎನ್ನುತ್ತಾರೆ. ಸಕಲೇಶಪುರದ ಕಡೆಯ ಬೆಳೆಗಾರರು ಕಾಫಿ ಕುಯ್ದು ಮಾರಿ ಹಣ ಕೈಗೆ ಬರುವವರೆಗೆ ಕಾಯುತ್ತಾರೆ. ಹೀಗಿರುವಾಗ ಆಯಾ ತಿಂಗಳ ಬುಕಿಂಗನ್ನು ಅದೇ ತಿಂಗಳ ಲೀಡ್‌ಗಳಿಂದ ಭಾಗಿಸಿದರೆ, ಆಷಾಢದಲ್ಲಿ ನಡೆಸಿದ ಕ್ಯಾಂಪೇನ್ ಸೋತಂತೆಯೂ ಶ್ರಾವಣದಲ್ಲಿ ಶುರುಮಾಡಿದ್ದು ಪವಾಡ ಮಾಡಿದಂತೆಯೂ ಕಾಣುತ್ತದೆ. ನಿಜದಲ್ಲಿ ಎರಡನೆಯದು ಮೊದಲನೆಯದರ ಫಸಲನ್ನು ತನ್ನ ಹೆಸರಿಗೆ ಬರೆದುಕೊಂಡಿರುತ್ತದೆ. ಆದ್ದರಿಂದ ಬುಕಿಂಗನ್ನು ಲೀಡ್ ಬಂದ ತಿಂಗಳಿಗೆ ಜಮಾ ಮಾಡಬೇಕು, ಮತ್ತು ಎರಡು ಮೂಲಗಳನ್ನು ಹೋಲಿಸುವಾಗ ಎರಡರ ಲೀಡ್‌ಗಳಿಗೂ ಒಂದೇ ಅವಧಿ, ಉದಾಹರಣೆಗೆ 90 ದಿನ, ಕೊಡಬೇಕು. ಆ 90 ದಿನಗಳಲ್ಲಿ ಒಂದರ ಪಾಲಿಗೆ ಆಷಾಢ ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಎರಡನ್ನೂ ಏಕಕಾಲದಲ್ಲೇ ನಡೆಸಿರಬೇಕು.

ಬುಕಿಂಗ್ ಎಂದರೆ ಯಾವುದು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಟೋಕನ್ ಕೊಟ್ಟವರೆಲ್ಲ ಕೊಳ್ಳುವುದಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ಕಾಯ್ದೆಗೆ ಒಳಪಟ್ಟ ಯೋಜನೆಗಳಲ್ಲಿ ಮಾರಾಟದ ಕರಾರನ್ನು ಬರೆದು ನೋಂದಾಯಿಸದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಈ ನೋಂದಾಯಿತ ಅಗ್ರಿಮೆಂಟನ್ನೇ ಎಣಿಕೆಯ ಗೆರೆಯಾಗಿಟ್ಟುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ.

ಕಡೆಯದಾಗಿ, ಇದೆಲ್ಲವೂ ನಿಂತಿರುವುದು ಗೇಟಿನಲ್ಲಿಟ್ಟ ಒಂದು ರಿಜಿಸ್ಟರ್ ಮೇಲೆ. ಟೆಲಿಕಾಲರ್ ‘ಭಾನುವಾರ ಬರ್ತಾರೆ’ ಎಂದು ಬರೆದುಕೊಂಡದ್ದು ವಿಸಿಟ್ ಅಲ್ಲ. ಬಂದವರ ಫೋನ್ ನಂಬರ್ ಅಲ್ಲೇ ದಾಖಲಾದರೆ ಮಾತ್ರ ವಿಸಿಟ್. ಆ ನಂಬರನ್ನು ಲೀಡ್ ಪಟ್ಟಿಯೊಡನೆ ತಾಳೆ ನೋಡುವಾಗ, ಒಂದೆಡೆ +91 ಸೇರಿಸಿ, ಇನ್ನೊಂದೆಡೆ ಸೊನ್ನೆ ಸೇರಿಸಿ, ಮತ್ತೊಂದೆಡೆ ನಡುವೆ ಜಾಗ ಬಿಟ್ಟು ಬರೆದಿರುವುದರಿಂದ ಒಬ್ಬರೇ ಮೂವರಾಗಿ ಕಾಣುತ್ತಾರೆ. ಎಕ್ಸೆಲ್‌ನಲ್ಲಿ ಕೊನೆಯ ಹತ್ತು ಅಂಕಿಗಳನ್ನಷ್ಟೇ ಉಳಿಸಿಕೊಂಡರೆ ಸಾಕು:

```
=RIGHT(SUBSTITUTE(A2," ",""),10)
```

ಹೀಗೆ ತಾಳೆ ಹಾಕಿದ ಮೇಲೆ ಕೆಲವು ನಂಬರ್‌ಗಳು ಫೇಸ್‌ಬುಕ್, ಗೂಗಲ್ ಎರಡರ ಲೀಡ್ ಪಟ್ಟಿಯಲ್ಲೂ ಸಿಗುತ್ತವೆ: ಫೇಸ್‌ಬುಕ್‌ನಲ್ಲಿ ನೋಡಿ ಫಾರ್ಮ್ ತುಂಬಿದವರು ತಿಂಗಳಾದ ಮೇಲೆ ಗೂಗಲ್‌ನಲ್ಲಿ ಯೋಜನೆಯ ಹೆಸರನ್ನೇ ಹುಡುಕಿ ಬಂದಿರುತ್ತಾರೆ. ಅಂಥವರನ್ನು ಮೊದಲು ಬಂದ ಮೂಲಕ್ಕೆ ಸೇರಿಸಿ ಒಮ್ಮೆ, ಕೊನೆಗೆ ಬಂದ ಮೂಲಕ್ಕೆ ಸೇರಿಸಿ ಇನ್ನೊಮ್ಮೆ ಪಟ್ಟಿ ಮಾಡಿ ನೋಡಬೇಕು. ಎರಡೂ ಪಟ್ಟಿಗಳಲ್ಲಿ ಗೂಗಲ್ ಮುಂದಿದ್ದರೆ ಹಣದ ಒಂದಿಷ್ಟು ಭಾಗವನ್ನು ಅತ್ತ ಸರಿಸಬಹುದು. ಪಟ್ಟಿ ಬದಲಾದಂತೆ ಮೇಲುಗೈಯೂ ಬದಲಾದರೆ ಇನ್ನೊಂದು ತ್ರೈಮಾಸಿಕ ಎರಡನ್ನೂ ಮುಂದುವರಿಸುವುದೇ ಲೇಸು.