ಮಳೆ ನಿಂತ ಗಾಂಧಿನಗರಕ್ಕೆ ನಿಯಾನ್ ಬಣ್ಣ

ರಾತ್ರಿ ಬೀದಿಯ ಫೋಟೋ ಕೊಟ್ಟು "ಸೈಬರ್‌ಪಂಕ್ ಲುಕ್ ಕೊಡಿ ಸರ್" ಅನ್ನುವವರು ಈಗ ಜಾಸ್ತಿ. ಅದರಲ್ಲಿ ಅನೇಕರು ತಾವೇ ಒಮ್ಮೆ ಪ್ರಯತ್ನ ಮಾಡಿರುತ್ತಾರೆ. ಫೋಟೋಶಾಪ್‌ನಲ್ಲಿ ಗ್ರೇಡಿಯೆಂಟ್ ಮ್ಯಾಪ್ ಹಾಕಿದ್ದಾರೆ, ನೇರಳೆ-ನೀಲಿ ಬಂದಿದೆ, ಆದರೆ ರಸ್ತೆ, ಗೋಡೆ, ಮುಖ ಎಲ್ಲವೂ ಒಂದೇ ಬಣ್ಣ. ನಿಯಾನ್ ಉರಿಯುತ್ತಿಲ್ಲ.

ಇದಕ್ಕೆ ಕಾರಣ ಸರಳ. ಗ್ರೇಡಿಯೆಂಟ್ ಮ್ಯಾಪ್‌ಗೆ ಬಣ್ಣ ಕಾಣುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಪ್ರತಿ ಪಿಕ್ಸೆಲ್ ಎಷ್ಟು ಬೆಳ್ಳಗಿದೆ ಅಂತ ನೋಡಿ, ಗ್ರೇಡಿಯೆಂಟ್‌ನಲ್ಲಿ ಆ ಜಾಗದ ಬಣ್ಣವನ್ನು ಅದಕ್ಕೆ ಕೊಡುತ್ತದೆ. ಎಡತುದಿ ಕಪ್ಪಿಗೆ, ಬಲತುದಿ ಬಿಳುಪಿಗೆ. ಕೆಂಪು ಬೋರ್ಡೂ ಹಸಿರು ಬೋರ್ಡೂ ಒಂದೇ ಹೊಳಪಿನಲ್ಲಿದ್ದರೆ ಎರಡಕ್ಕೂ ಒಂದೇ ಬಣ್ಣ ಸಿಗುತ್ತದೆ. ಹಾಗಾಗಿ ಬಣ್ಣಕ್ಕೆ ಕೈ ಹಾಕುವ ಮೊದಲು ಹೊಳಪನ್ನು ಜೋಡಿಸಿಕೊಳ್ಳಬೇಕು.

ಒಂದು ಚಿತ್ರವನ್ನೇ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಗಾಂಧಿನಗರದ ಒಂದು ಅಡ್ಡರಸ್ತೆ, ಮಳೆ ಈಗಷ್ಟೇ ನಿಂತಿದೆ. ಎಡಗಡೆ ಲಾಡ್ಜ್‌ನ ನೀಲಿ ಬೋರ್ಡು, ಬಲಗಡೆ ಮಿಠಾಯಿ ಅಂಗಡಿಯ ಕೆಂಪು ಬೋರ್ಡು. ನಡುವೆ ಕೊಡೆ ಮಡಚಿಕೊಂಡು ಒಬ್ಬರು ಬರುತ್ತಿದ್ದಾರೆ. ಹಿಂದೆ ಸೋಡಿಯಂ ದೀಪ, ಅದರ ಕೆಳಗೆ ಸುಣ್ಣ ಬಳಿದ ದೊಡ್ಡ ಗೋಡೆ.

ಈ ಚಿತ್ರಕ್ಕೆ ತೊಂದರೆ ಕೊಡುವುದು ಆ ಗೋಡೆಯೇ. ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿದರೆ ಗೊತ್ತಾಗುತ್ತದೆ. ಗೋಡೆ ಬೋರ್ಡುಗಳಷ್ಟೇ ಬೆಳ್ಳಗಿದೆ. ಹೀಗೇ ಮ್ಯಾಪ್ ಹಾಕಿದರೆ ಅತಿ ಹೆಚ್ಚು ನಿಯಾನ್ ಬಣ್ಣ ಬೀಳುವುದು ಸುಣ್ಣದ ಗೋಡೆಗೆ! ಅದಕ್ಕೇ ಒಂದು ಕರ್ವ್ಸ್ ಪದರ ಹಾಕಿ, ಮಾಸ್ಕ್‌ನಲ್ಲಿ ಗೋಡೆಯನ್ನಷ್ಟೇ ಆರಿಸಿ, ನಡುಮಟ್ಟಕ್ಕಿಂತ ಕೆಳಗೆ ಇಳಿಸಬೇಕು. ಒದ್ದೆ ರಸ್ತೆಯೂ ಕಪ್ಪಿನ ಹತ್ತಿರ ಇರಲಿ. ಬೋರ್ಡುಗಳು, ಅವುಗಳ ಪ್ರತಿಫಲನ, ಕೊಡೆಯ ಅಂಚು, ಇಷ್ಟು ಮಾತ್ರ ಮೇಲೆ ಉಳಿಯಬೇಕು.

ಇನ್ನೊಂದು ತಯಾರಿ ಸೋಡಿಯಂ ದೀಪದ ಕಿತ್ತಳೆಗೆ. ಅದನ್ನು ಹಾಗೇ ಬಿಟ್ಟು ಮೇಲೆ ನೀಲಿಯನ್ನು ಅರೆಬರೆ ಹಾಕಿದರೆ, ಎರಡೂ ಬೆರೆತು ಕೆಸರಿನಂಥ ಬೂದು ಬರುತ್ತದೆ. ಹೊಗೆ, ಮಂಜು ಇದ್ದ ಆಕಾಶದಲ್ಲಿ ಇದು ಎದ್ದು ಕಾಣುತ್ತದೆ. ಕ್ಯಾಮೆರಾ ರಾದಲ್ಲಿ ಟೆಂಪರೇಚರ್ ಅನ್ನು 3000 ಕೆಲ್ವಿನ್ ಹತ್ತಿರಕ್ಕೆ ಇಳಿಸಿ, ಆರೆಂಜ್ ಮತ್ತು ಯೆಲ್ಲೊ ಸ್ಯಾಚುರೇಶನ್ ಅರ್ಧದಷ್ಟು ತೆಗೆದುಬಿಡಿ. ಚಿತ್ರ ಸಪ್ಪೆಯಾಗುತ್ತದೆ, ಆಗಲಿ. ಕಡತ 16 ಬಿಟ್‌ನಲ್ಲೇ ಇರಲಿ. 8 ಬಿಟ್‌ನಲ್ಲಿ ಕತ್ತಲ ಆಕಾಶ ಮುಂದೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ.

ಈಗ ಗ್ರೇಡಿಯೆಂಟ್ ಮ್ಯಾಪ್. ಈ ಚಿತ್ರಕ್ಕೆ ನಾನು ಹಾಕುವ ಬಣ್ಣಗಳು ಇವು:

```
0%    #05060F
25%   #1B1464
45%   #C2187A
70%   #35D6E8
100%  #F4FBFF
```

ಕಪ್ಪಿನಿಂದ ಕಡುನೀಲಿ, ಅಲ್ಲಿಂದ ಮಜೆಂಟಾ, ಸಯಾನ್, ಕೊನೆಗೆ ಬಿಳಿ. ಬಣ್ಣ ನಿಮ್ಮಿಷ್ಟ, ಆದರೆ ಎಡದಿಂದ ಬಲಕ್ಕೆ ಪ್ರತಿ ಬಣ್ಣವೂ ಹಿಂದಿನದಕ್ಕಿಂತ ಬೆಳ್ಳಗಿರಬೇಕು. ಈ ಕ್ರಮ ತಪ್ಪಿದರೆ ನಾರ್ಮಲ್ ಮೋಡ್‌ನಲ್ಲಿ ನೆರಳು-ಬೆಳಕು ತಿರುಗಾಮುರುಗಾ ಆಗಿ, ಚಿತ್ರ ನೆಗೆಟಿವ್ ಥರ ಕಾಣುತ್ತದೆ. ಬಣ್ಣ ಪಟ್ಟೆಯಾಗದಂತೆ ಡಿದರ್ ಆನ್ ಮಾಡಿಡಿ.

ಬ್ಲೆಂಡ್ ಮೋಡ್ ಕಲರ್, ಒಪ್ಯಾಸಿಟಿ ಸುಮಾರು 65%. ಕಲರ್ ಮೋಡ್ ಮೂಲ ಚಿತ್ರದ ಹೊಳಪನ್ನು ಉಳಿಸಿಕೊಂಡು ಬಣ್ಣವನ್ನಷ್ಟೇ ಬದಲಿಸುತ್ತದೆ. ಹಾಗಾಗಿ ಪೂರ್ತಿ ಕಪ್ಪಿಗೆ, ಪೂರ್ತಿ ಬಿಳುಪಿಗೆ ಬಣ್ಣ ಹತ್ತುವುದಿಲ್ಲ. ಬೋರ್ಡಿನ ಒಳಗೆ ಬೆಳ್ಳಗೆ ಉರಿದ ಭಾಗ ಬೆಳ್ಳಗೇ ಉಳಿಯುತ್ತದೆ, ಅದು ಒಳ್ಳೆಯದೇ. ನಿಜವಾದ ನಿಯಾನ್ ಫೋಟೋದಲ್ಲೂ ಕೊಳವೆಯ ನಡುಭಾಗ ಹೆಚ್ಚುಕಡಿಮೆ ಬಿಳಿ, ಬಣ್ಣ ಇರುವುದು ಸುತ್ತಲಿನ ಪ್ರಭೆಯಲ್ಲಿ.

ಆದರೆ ಕೆಂಪು ಬೋರ್ಡು ಕೆಂಪಾಗೇ ಇರಬೇಕಲ್ವಾ? ಎಲ್ಲ ಬೋರ್ಡೂ ಸಯಾನ್ ಆಗಿಬಿಟ್ಟರೆ ಬೀದಿಗೆ ಜೀವ ಇರುವುದಿಲ್ಲ. ಪದರದ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕೆಳಗೆ `Blend If` ಸಿಗುತ್ತದೆ. ಅದರಲ್ಲಿ `Underlying Layer` ಪಟ್ಟಿಯ ಬಲಗಡೆಯ ತ್ರಿಕೋನವನ್ನು Alt ಒತ್ತಿ ಎರಡು ಭಾಗ ಮಾಡಿ, ಒಂದನ್ನು 150ಕ್ಕೂ ಇನ್ನೊಂದನ್ನು 220ಕ್ಕೂ ಎಳೆಯಿರಿ. 150ರ ಕೆಳಗೆ ಮ್ಯಾಪ್ ಪೂರ್ತಿ ಕೆಲಸ ಮಾಡುತ್ತದೆ, ಅಲ್ಲಿಂದ ನಿಧಾನವಾಗಿ ಕರಗಿ 220ರ ಮೇಲೆ ಇಲ್ಲವಾಗುತ್ತದೆ. ಬೋರ್ಡುಗಳು ತಮ್ಮ ಬಣ್ಣಕ್ಕೆ ವಾಪಸ್ ಬರುತ್ತವೆ. ಕಡುಗೆಂಪು ಬೋರ್ಡು ಹೊಳಪಿನ ಲೆಕ್ಕದಲ್ಲಿ ಅಷ್ಟು ಮೇಲಿರುವುದಿಲ್ಲ, ಅದು ಬಾರದಿದ್ದರೆ ಮಾಸ್ಕ್‌ನಲ್ಲಿ ಕೈಯಾರೆ ಬಿಡಿಸಬೇಕು.

ಮುಖಕ್ಕೂ ಹೀಗೇ. ಅಂಗಡಿ ಬೆಳಕು ಬಿದ್ದ ಚರ್ಮ ಸಾಮಾನ್ಯವಾಗಿ ನಡುಮಟ್ಟದ ಹೊಳಪಿನಲ್ಲಿರುತ್ತದೆ, ಅಂದರೆ ನೇರ ಮಜೆಂಟಾ ಜಾಗಕ್ಕೆ ಬೀಳುತ್ತದೆ. ಕೊಡೆ ಹಿಡಿದವರ ಮುಖ ಬಿಸಿಲಿಗೆ ಸುಟ್ಟಂತೆ ಕಾಣುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಮುಖದ ಮೇಲಿನ ಮ್ಯಾಪ್ ಅರ್ಧ ಇಳಿಸಿ. ಆಮೇಲೆ ಬೇರೆ ಸಾಫ್ಟ್ ಲೈಟ್ ಪದರದಲ್ಲಿ, ಲಾಡ್ಜ್ ಬೋರ್ಡಿನ ಕಡೆಗಿರುವ ಕೆನ್ನೆಗೆ ನೀಲಿ, ಮಿಠಾಯಿ ಅಂಗಡಿ ಕಡೆಗೆ ತುಸು ಕೆಂಪು ಹಚ್ಚಿ. ಬೆಳಕು ಎಲ್ಲಿಂದ ಬಂತು ಅನ್ನುವುದು ಮುಖದಲ್ಲಿ ಕಂಡರೆ ಇಡೀ ಚಿತ್ರವನ್ನು ಕಣ್ಣು ನಂಬುತ್ತದೆ.

ಪ್ರಭೆ ಕೊನೆಗೆ. ಗ್ರೇಡ್ ಆದ ಚಿತ್ರವನ್ನು `Ctrl+Shift+Alt+E` ಒತ್ತಿ ಹೊಸ ಪದರವಾಗಿ ತೆಗೆದುಕೊಳ್ಳಿ. ಲೆವೆಲ್ಸ್‌ನಲ್ಲಿ ಕಪ್ಪು ಸ್ಲೈಡರನ್ನು 180ರ ಆಸುಪಾಸಿಗೆ ತನ್ನಿ, ದೀಪ ಮತ್ತು ಬೋರ್ಡು ಬಿಟ್ಟು ಉಳಿದದ್ದು ಕಪ್ಪಾಗಬೇಕು. ಈ ಹೆಜ್ಜೆ ಬಿಟ್ಟರೆ ಪ್ರಭೆಯ ಜತೆ ರಸ್ತೆ, ಗೋಡೆಗಳ ಬೆಳಕೂ ಸೇರಿ ಇಡೀ ಚಿತ್ರಕ್ಕೆ ಹಾಲುಬಿಳುಪು ಬರುತ್ತದೆ. ಹಿಸ್ಟೋಗ್ರಾಮ್‌ನ ಎಡತುದಿ ಖಾಲಿಯಾಗಿದ್ದರೆ ಆಗಿರುವುದು ಇದೇ.

ಈ ಪದರವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಮೋಡ್ ಸ್ಕ್ರೀನ್‌ಗೆ ಇಟ್ಟು, ಮೂರು ಪ್ರತಿ ಮಾಡಿ. 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ ಗಾಸಿಯನ್ ಬ್ಲರ್ 15, 60, 250 ಸಾಕು. ಮೊದಲನೆಯದು ಕೊಳವೆಗೆ ಅಂಟಿದ ಹೊಳಪು, ಎರಡನೆಯದು ಬೋರ್ಡಿನ ಸುತ್ತಲ ಬಣ್ಣ, ಮೂರನೆಯದು ಮಳೆಗಾಳಿಯಲ್ಲಿ ಹರಡಿದ ಬೆಳಕು. ದೊಡ್ಡದಾದಷ್ಟೂ ಒಪ್ಯಾಸಿಟಿ ಕಮ್ಮಿ ಇರಲಿ. ಒಂದೇ ದೊಡ್ಡ ಬ್ಲರ್ ಹಾಕಿದರೆ ದೀಪಕ್ಕೂ ಪ್ರಭೆಗೂ ಸಂಬಂಧವೇ ಇಲ್ಲದ ಹಾಗೆ ಬೆಳಕು ತೇಲುತ್ತದೆ. ರಸ್ತೆಯ ಪ್ರತಿಫಲನಕ್ಕೆ ಇನ್ನೊಂದು ಪ್ರತಿ ಮಾಡಿ, ಗಾಸಿಯನ್ ಬದಲು ಮೋಷನ್ ಬ್ಲರ್ 90 ಡಿಗ್ರಿಯಲ್ಲಿ ಹಾಕಿ, ರಸ್ತೆಗಷ್ಟೇ ಮಾಸ್ಕ್ ಮಾಡಿ. ಒದ್ದೆ ಟಾರಿನ ಮೇಲೆ ಬೆಳಕು ಉದ್ದುದ್ದ ಇಳಿಯುತ್ತದೆ. ಅದು ಬೋರ್ಡಿಗಿಂತ ಮಂಕಾಗಿಯೇ ಇರಬೇಕು.

ನಮ್ಮ ಲಿಪಿಯ ಬೋರ್ಡುಗಳಿಗೆ ಬೇರೆ ಎಚ್ಚರ ಬೇಕು. ಕನ್ನಡದ ಅಕ್ಷರಗಳು ಬಹುತೇಕ ಗುಂಡಗೆ, ಹೊಟ್ಟೆಯೊಳಗೆ ಜಾಗ ಬಿಟ್ಟವು. 15ರ ಪ್ರಭೆ ಮೊದಲು ತುಂಬುವುದು ಆ ಜಾಗವನ್ನೇ. ಈ ಚಿತ್ರದಲ್ಲಿ 'ಮಿಠಾಯಿ'ಯ ಠಾ ಒಳಗಿನ ಚುಕ್ಕೆ ಮುಚ್ಚಿಹೋಗಿ ಬೋರ್ಡು 'ಮಿರಾಯಿ' ಆಗುತ್ತದೆ. ಚಿತ್ರವನ್ನು 100% ಹಿಗ್ಗಿಸಿ ಬೋರ್ಡುಗಳನ್ನು ಒಂದೊಂದಾಗಿ ಓದಿ. ಓದಲು ಬಾರದ ಕಡೆ ಚಿಕ್ಕ ಪ್ರಭೆಯ ಮಾಸ್ಕ್‌ನಲ್ಲಿ ಅಕ್ಷರವನ್ನಷ್ಟೇ ಅಳಿಸಿ. ಹೊರಗಿನ 60ರ ಪ್ರಭೆ ಹಾಗೇ ಇರಲಿ, ಬೋರ್ಡು ಉರಿಯುತ್ತಲೇ ಇರುತ್ತದೆ.

ಮೇಲೆ 1% ನಾಯ್ಸ್ ಹಾಕಿದರೆ ಆಕಾಶದ ಪಟ್ಟೆಗಳು ಮುರಿಯುತ್ತವೆ. ಆನ್‌ಲೈನ್‌ಗೆ ಕೊಡುವಾಗ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಇಲ್ಲದಿದ್ದರೆ ಬೇರೆ ಪರದೆಯಲ್ಲಿ ಬಣ್ಣ ಮಂಕಾಗಬಹುದು. ಪ್ರಿಂಟ್ ಬೇಕು ಅಂದವರಿಗೆ ಮೊದಲೇ ಹೇಳಿಬಿಡಿ: ಪರದೆಯ ಸಯಾನ್, ಮಜೆಂಟಾ ಹೊಳಪು ಸಿಎಂವೈಕೆ ಶಾಯಿಯಲ್ಲಿ ಸಿಗುವುದಿಲ್ಲ. ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ಸಾಫ್ಟ್ ಪ್ರೂಫ್ ಹಾಕಿ ತೋರಿಸಿ, ಅವರು ಒಪ್ಪಿದ ಮೇಲೆ ಪ್ರಿಂಟ್‌ಗೆ ಕಳಿಸಿ.